ಒಂಬತ್ತೂವರೆಗೆ ಮುಂಚೆ, ಒಂಬತ್ತೂವರೆಯ ನಂತರ

ಲಂಡನ್ನಿಗೆ ಓದಲು ಬಂದ ಕನ್ನಡದ ಹುಡುಗಿಯೊಬ್ಬಳು, ದಕ್ಷಿಣ ಭಾರತದ ಅಂಗಡಿ, ಹೋಟೆಲುಗಳಿರುವ ಈಸ್ಟ್ ಹ್ಯಾಮ್‌ನಲ್ಲಿ ರೂಮು ಹಿಡಿದಿದ್ದಾಳೆ ಎಂದುಕೊಳ್ಳಿ. ಕಾಲೇಜು ಯೂಸ್ಟನ್ ಸ್ಕ್ವೇರ್ ಹತ್ತಿರ. ಹ್ಯಾಮರ್‌ಸ್ಮಿತ್ ಅಂಡ್ ಸಿಟಿ ರೈಲು ಹತ್ತಿದರೆ ಎಲ್ಲೂ ಬದಲಿಸದೆ ನೇರ ತಲುಪಬಹುದು. ದಾರಿ ಸುಲಭ, ಆದರೆ ಟಿಕೆಟ್ ದರ ಗಡಿಯಾರ ನೋಡಿ ಬದಲಾಗುತ್ತದೆ.

ಸೋಮವಾರದಿಂದ ಶುಕ್ರವಾರದವರೆಗೆ ಬೆಳಿಗ್ಗೆ 6.30ರಿಂದ 9.30, ಸಂಜೆ 4ರಿಂದ 7 ಪೀಕ್ ಅವಧಿ. ಇಲ್ಲಿ ಲೆಕ್ಕಕ್ಕೆ ಬರುವುದು ನೀವು ಒಳಗೆ ಹೋಗುವಾಗ ಕಾರ್ಡ್ ಮುಟ್ಟಿಸಿದ ಹೊತ್ತು, ಇಳಿದ ಹೊತ್ತಲ್ಲ. ಹನ್ನೊಂದು ಗಂಟೆಯ ತರಗತಿಗೆ ಅವಳು 9.25ಕ್ಕೆ ಮುಟ್ಟಿಸಿದರೆ ಹೆಚ್ಚಿನ ದರ, ಗೇಟಿನ ಹೊರಗೆ ಹತ್ತು ನಿಮಿಷ ನಿಂತು ಮುಟ್ಟಿಸಿದರೆ ಕಡಿಮೆ. ಸಂಜೆಗೆ ಒಂದು ವಿನಾಯಿತಿಯಿದೆ: ಹೊರವಲಯದಿಂದ ಊರ ನಡುವಿನ ಒಂದನೇ ವಲಯಕ್ಕೆ ಬರುವವರಿಗೆ ಆಗಲೂ ಆಫ್ ಪೀಕ್ ದರವೇ. ಮನೆಗೆ ಮರಳುವ ಅವಳಿಗೆ ಮಾತ್ರ ಅದು ಸಿಗದು. ಲೈಬ್ರರಿಯಲ್ಲಿ ಏಳರವರೆಗೆ ಕೂತು ಹೊರಟರೆ ದುಡ್ಡು ಉಳಿಯುತ್ತದೆ. ಬಸ್ಸಿಗೆ ಈ ಭೇದವೇ ಇಲ್ಲ.

ದಿನದ ಪಾಸನ್ನು ಮೊದಲೇ ಕೊಳ್ಳುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ. ಆಯ್‌ಸ್ಟರ್ ಕಾರ್ಡ್ ಅಥವಾ ಬ್ಯಾಂಕ್ ಕಾರ್ಡ್ ಮುಟ್ಟಿಸುತ್ತಾ ಓಡಾಡಿದರೆ, ದಿನದ ಖರ್ಚು ಒಂದು ಮಿತಿ ಮುಟ್ಟಿದ ಮೇಲೆ ಆ ವಲಯಗಳೊಳಗೆ ಮತ್ತೆ ಹಣ ಕಡಿಯುವುದಿಲ್ಲ. ಈ ದಿನ ಬೆಳಗಿನ ಜಾವ 4.30ಕ್ಕೆ ಶುರುವಾಗುತ್ತದೆ. ಬೆಳಿಗ್ಗೆ ಪ್ಲಾಸ್ಟಿಕ್ ಕಾರ್ಡ್, ಸಂಜೆ ಅದೇ ಕಾರ್ಡನ್ನು ಫೋನಿನಿಂದ ಬಳಸಿದರೆ ಮಾತ್ರ ಯಂತ್ರಕ್ಕೆ ಅವರು ಇಬ್ಬರು ಪ್ರಯಾಣಿಕರು. ಮಿತಿಯ ಲೆಕ್ಕ ಎರಡು ಪಾಲಾಗುತ್ತದೆ. ವಿದ್ಯಾರ್ಥಿಗಳಿಗೆ ನಿಜವಾಗಿ ಲಾಭ ತರುವುದು 16–25 ರೈಲ್‌ಕಾರ್ಡ್. ಅದನ್ನು ಕೊಂಡು, ನಿಲ್ದಾಣದ ಸಿಬ್ಬಂದಿಗೆ ಹೇಳಿ ಆಯ್‌ಸ್ಟರ್‌ಗೆ ಜೋಡಿಸಿಕೊಂಡರೆ ಆಫ್ ಪೀಕ್ ದರದಲ್ಲಿ ಮೂರನೇ ಒಂದು ಭಾಗ ಇಳಿಯುತ್ತದೆ. ಆಫ್ ಪೀಕ್‌ನಲ್ಲಿ ಹೊರಡುವ ಅಭ್ಯಾಸ ಇದರಿಂದಲೇ ಹೆಚ್ಚು ಫಲ ಕೊಡುವುದು.

ಇನ್ನು ಹಳದಿ ದುಂಡು ಗುರುತಿನ ಯಂತ್ರ. ನಮ್ಮ ಮೆಟ್ರೊದಲ್ಲಿ ಮುಟ್ಟಿಸದೆ ಗೇಟು ತೆರೆಯುವುದೇ ಇಲ್ಲ, ಮರೆಯಲು ಅವಕಾಶವಿಲ್ಲ. ಲಂಡನ್ನಿನ ಡಿ.ಎಲ್.ಆರ್. ರೈಲಿನ ಎಷ್ಟೋ ನಿಲ್ದಾಣಗಳಲ್ಲಿ ಗೇಟೇ ಇಲ್ಲ. ಮೆಟ್ಟಿಲ ಬಳಿ ಒಂದು ಕಂಬದ ಮೇಲೆ ಯಂತ್ರ ನಿಂತಿರುತ್ತದೆ, ಜನ ಅದರ ಪಕ್ಕದಲ್ಲೇ ನಡೆದುಬಿಡುತ್ತಾರೆ. ಹಸಿರು ದೀಪ ಹೊತ್ತಿ ಬೀಪ್ ಸದ್ದು ಕೇಳಿದರೆ ಮಾತ್ರ ಪ್ರಯಾಣ ದಾಖಲಾದಂತೆ. ಇಳಿದಾಗ ಮುಟ್ಟಿಸದಿದ್ದರೆ ನೀವು ಎಲ್ಲಿ ಇಳಿದಿರೆಂದು ತಿಳಿಯದೆ ಗರಿಷ್ಠ ದರ ಕಡಿಯುತ್ತಾರೆ, ಅದು ದಿನದ ಮಿತಿಗೂ ಸೇರದು. ಬಸ್ಸಿನಲ್ಲಿ ಹತ್ತುವಾಗ ಮಾತ್ರ ಮುಟ್ಟಿಸಿದರೆ ಸಾಕು. ರೈಲಿನಲ್ಲಿ ಮರೆತಿದ್ದರೆ ಖಾತೆಯಲ್ಲಿ ಪ್ರಯಾಣದ ಪಟ್ಟಿ ತೆರೆದು ನೋಡಿ. ಇಳಿದ ನಿಲ್ದಾಣದ ಹೆಸರಿಲ್ಲದ ಸಾಲು ಕಂಡರೆ, ಎಲ್ಲಿ ಇಳಿದಿರೆಂದು ತಿಳಿಸಿ ಹೆಚ್ಚುವರಿ ಹಣ ವಾಪಸ್ ಕೇಳಬಹುದು.