ಮೊದಲ ಸೋಮವಾರ ಹತ್ತಕ್ಕೆ ಬನ್ನಿ

ಹುಬ್ಬಳ್ಳಿಯ ಹುಡುಗಿಯೊಬ್ಬಳಿಗೆ ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ ಕೆಲಸ ಸಿಕ್ಕಿದೆ ಎಂದುಕೊಳ್ಳಿ. ಸೋಮವಾರ ಸೇರಬೇಕು. ಗುರುವಾರವೇ ಅವಳ ಸ್ವಂತ ಇಮೇಲ್‌ಗೆ ಎಚ್‌ಆರ್‌ನವರ ಪತ್ರ ಬರುತ್ತದೆ: ‘ಬೆಳಿಗ್ಗೆ 10ಕ್ಕೆ ಎರಡನೇ ಗೇಟಿಗೆ ಬನ್ನಿ.’

ಉಳಿದವರೆಲ್ಲ 9ಕ್ಕೇ ಬರುವಾಗ ಇವಳಿಗೇಕೆ 10? ಅವಳನ್ನು ಒಳಗೆ ಕರೆದೊಯ್ಯುವವರು ಅಷ್ಟರಲ್ಲಿ ಬಂದಿರಬೇಕು, ಸೆಕ್ಯೂರಿಟಿಯವರ ಪಟ್ಟಿಯಲ್ಲಿ ಅವಳ ಹೆಸರಿರಬೇಕು, ಲ್ಯಾಪ್‌ಟಾಪ್ ಸಿದ್ಧವಿರಬೇಕು. ಗೇಟಿನಲ್ಲಿ ಫೋನ್ ಮಾಡಲು ಒಬ್ಬರ ಹೆಸರು, ನಂಬರ್ ಪತ್ರದಲ್ಲಿ ಇರದಿದ್ದರೆ ಅರ್ಧ ಗಂಟೆ ಬಿಸಿಲಲ್ಲೇ ಕಳೆಯುತ್ತದೆ.

ಎಡವಟ್ಟಾಗುವುದು ಹೆಚ್ಚಾಗಿ ಮೀಟಿಂಗ್‌ಗಳಲ್ಲಿ. ಆಹ್ವಾನಗಳೆಲ್ಲ ಕಂಪನಿಯ ಇಮೇಲ್‌ಗೆ ಹೋಗುತ್ತವೆ; ಆ ಖಾತೆ ತೆರೆಯುವುದೇ ಸೋಮವಾರ ಮಧ್ಯಾಹ್ನ! ಆದ್ದರಿಂದ ಮೊದಲೆರಡು ದಿನದ ಭೇಟಿಗಳನ್ನು ಪತ್ರದಲ್ಲೇ ಬರೆಯಬೇಕು. ‘11.30ಕ್ಕೆ ಮ್ಯಾನೇಜರ್ ಜತೆ, ಮೂರನೇ ಮಹಡಿ’ ಎಂದರೆ ಸಾಲದು. ಮಂಗಳವಾರ ಭೇಟಿಯಾಗುವ ಟೆಸ್ಟಿಂಗ್ ತಂಡದವರ ಬಳಿ ಏನು ಕೇಳಬೇಕೆಂಬ ಒಂದು ಸಾಲೂ ಬೇಕು. ಬರೀ ಹುದ್ದೆಗಳ ಪಟ್ಟಿ ಯಾರಿಗೂ ನೆನಪಿರುವುದಿಲ್ಲ.

ದಿನಕ್ಕೆ ಆರು ಮೀಟಿಂಗ್ ತುರುಕುವುದು ಶುದ್ಧ ಅವಿವೇಕ.

ಹಿಂದೆ ಬೇರೆಡೆ ದುಡಿದಿದ್ದವರು ಪಿಎಫ್‌ನ 12 ಅಂಕಿಗಳ ಯುಎಎನ್ ಸಂಖ್ಯೆಯನ್ನೂ ಬರೆದಿಟ್ಟುಕೊಂಡು ಹೋಗಲಿ. ಮೊದಲ ದಿನದ ಫಾರಂಗಳಲ್ಲಿ ಅದನ್ನು ಕೇಳುತ್ತಾರೆ.