ಐದು ರೂಪಾಯಿಯ ಕಾಲ್ ಏಕೆ ಸೊನ್ನೆಯಾಗುತ್ತದೆ?

ಬುಧವಾರ ಸಂಜೆ. ನಿಫ್ಟಿ 25,000ದಲ್ಲಿ ಮುಗಿದಿದೆ ಎಂದಿಟ್ಟುಕೊಳ್ಳಿ. ಮುಂದಿನ ಮಂಗಳವಾರ ಎಕ್ಸ್‌ಪೈರಿ, ಅಂದರೆ ಇನ್ನು ನಾಲ್ಕು ದಿನದ ವ್ಯಾಪಾರ ಬಾಕಿ. ಮೊಬೈಲಿನಲ್ಲಿ ಆಪ್ಷನ್ ಚೈನ್ ತೆರೆದರೆ 25,000 ಸ್ಟ್ರೈಕಿನ ಕಾಲ್‌ಗೆ ಸುಮಾರು 150 ರೂಪಾಯಿ ಇರುತ್ತದೆ. ಬೆರಳಿನಿಂದ ಕೆಳಗೆ ಸರಿಸುತ್ತ ಹೋದಂತೆ ಬೆಲೆ ಕುಗ್ಗುತ್ತದೆ, 25,700ಕ್ಕೆ ಬರುವ ಹೊತ್ತಿಗೆ ಬರೀ ಐದು ರೂಪಾಯಿ. ಲಾಟ್ 75ರದ್ದಾದರೆ ಒಟ್ಟು 375 ರೂಪಾಯಿ. ಕೈಯಲ್ಲಿ ಹತ್ತು ಹನ್ನೊಂದು ಸಾವಿರ ಇಟ್ಟುಕೊಂಡು ಕುಳಿತವರಿಗೆ ಇಲ್ಲಿ ಒಂದು ಆಸೆ ಹುಟ್ಟುತ್ತದೆ. 11,250 ರೂಪಾಯಿಗೆ 25,000ದ ಕಾಲ್ ಒಂದೇ ಲಾಟ್ ಬರುತ್ತದೆ. ಅದೇ ಹಣಕ್ಕೆ 25,700ರ ಕಾಲ್ ಮೂವತ್ತು ಲಾಟ್!

ಈ ಮೂವತ್ತು ಲಾಟ್ ಕೊಂಡವರ ವಾರ ಹೇಗೆ ಕಳೆಯುತ್ತದೆ ಎಂಬುದನ್ನು ದಿನ ದಿನಕ್ಕೂ ನೋಡೋಣ. ಅವರ ಊಹೆ ತಪ್ಪಾಯಿತು ಎಂದಿಟ್ಟುಕೊಂಡು ಅಲ್ಲ, ಸರಿಯಾಯಿತು ಎಂದಿಟ್ಟುಕೊಂಡೇ ನೋಡೋಣ. ನಿಫ್ಟಿ ಏರುತ್ತದೆ ಎಂದು ಅವರು ನಂಬಿದ್ದರು. ಅದು ಏರಿತು ಕೂಡ.

ಗುರುವಾರ ನಿಫ್ಟಿ 150 ಪಾಯಿಂಟ್ ಏರಿ 25,150ಕ್ಕೆ ಬಂತು. ಐದು ರೂಪಾಯಿಯ ಕಾಲ್ ಸುಮಾರು ಆರೂವರೆ ಆಯಿತು. ಶುಕ್ರವಾರ ಇನ್ನೂ 100 ಏರಿ 25,250. ಕಾಲ್ ಏರಬೇಕಿತ್ತಲ್ಲವೇ? ಇಲ್ಲ, ಐದೂ ಕಾಲಿನ ಆಸುಪಾಸಿಗೆ ಇಳಿಯಿತು. ಸೋಮವಾರ ಮತ್ತೆ 100 ಏರಿಕೆಯಾಗಿ 25,350, ಕಾಲ್ ಎರಡೂವರೆ ರೂಪಾಯಿ. ಮಂಗಳವಾರ ಮತ್ತೊಂದು 100 ಸೇರಿ ನಿಫ್ಟಿ 25,450ರಲ್ಲಿ ಮುಗಿಯಿತು. 25,700ರ ಕಾಲ್ ಸೊನ್ನೆ. ನಾಲ್ಕು ದಿನದಲ್ಲಿ ನಿಫ್ಟಿ 450 ಪಾಯಿಂಟ್ ಏರಿದೆ, ಒಂದು ದಿನವೂ ಇಳಿದಿಲ್ಲ. ಕೊಂಡವರ ದಿಕ್ಕು ನೂರಕ್ಕೆ ನೂರು ಸರಿ, ಹಣ ಮಾತ್ರ ಒಂದು ಪೈಸೆಯೂ ಉಳಿಯಲಿಲ್ಲ. 25,000ದ ಕಾಲ್ ಒಂದೇ ಲಾಟ್ ಕೊಂಡವರ ಬಳಿ ಅದೇ ಹೊತ್ತಿಗೆ 33,750 ರೂಪಾಯಿ ಇರುತ್ತದೆ.

ಈ ಮಧ್ಯದ ಬೆಲೆಗಳನ್ನು ನಾನು ಆಪ್ಷನ್ ಬೆಲೆ ಕಟ್ಟುವ ಸಾಮಾನ್ಯ ಸೂತ್ರದಿಂದ, ಏರಿಳಿತದ ಅಂದಾಜು ವಾರವಿಡೀ ಬದಲಾಗಲಿಲ್ಲ ಎಂದು ಹಿಡಿದು ಲೆಕ್ಕ ಹಾಕಿದ್ದೇನೆ. ನಿಜವಾದ ವಾರದಲ್ಲಿ ನಾಲ್ಕಾಣೆ ಎಂಟಾಣೆ ಆಚೀಚೆ ಆದೀತು, ನಡೆಯುವ ಬಗೆ ಇದೇ. ಶುಕ್ರವಾರ ನಡೆದದ್ದನ್ನು ಗಮನಿಸಿ. ನಿಫ್ಟಿ 100 ಪಾಯಿಂಟ್ ಹತ್ತಿರ ಬಂತು, ಜೊತೆಗೆ ಒಂದು ದಿನವೂ ಕಳೆಯಿತು. ಹತ್ತಿರ ಬಂದದ್ದರಿಂದ ಸಿಕ್ಕಿದ್ದಕ್ಕಿಂತ ದಿನ ಕಳೆದದ್ದರಿಂದ ಹೋದದ್ದೇ ಹೆಚ್ಚು. ಕೆ.ಆರ್.ಎಸ್. ಅಣೆಕಟ್ಟೆ ಮುಂದಿನ ಮಂಗಳವಾರದೊಳಗೆ 124.80 ಅಡಿ ತುಂಬಿದರೆ ಮಾತ್ರ ಹಣ ಎಂಬ ಚೀಟಿಯೊಂದು ನಿಮ್ಮ ಕೈಯಲ್ಲಿದೆ ಎಂದುಕೊಳ್ಳಿ. ಕೊಡಗಿನಲ್ಲಿ ಮಳೆ ಬಂದರೆ ಸಾಲದು, ನೀರು ದಿನಕ್ಕೊಂದು ಅಡಿ ಏರಿದರೂ ಸಾಲದು. ಬಾಕಿ ಇರುವ ದಿನಗಳಲ್ಲಿ ಬಾಕಿ ಇರುವ ಅಡಿಗಳೆಲ್ಲ ತುಂಬಲೇಬೇಕು. ದೂರದ ಸ್ಟ್ರೈಕಿನ ಕಾಲ್ ಕೇಳುವುದೂ ಇದನ್ನೇ: ದಿಕ್ಕು, ದೂರ, ದಿನಾಂಕ ಮೂರೂ ಒಟ್ಟಿಗೆ ಕೂಡಿಬರಬೇಕು. ಕೊಳ್ಳುವವರು ಸಾಮಾನ್ಯವಾಗಿ ಯೋಚಿಸುವುದು ದಿಕ್ಕನ್ನು ಮಾತ್ರ.

ಹಾಗಾದರೆ ಈ ಐದು ರೂಪಾಯಿ ಎಲ್ಲಿಂದ ಬಂತು? ಮಾರುಕಟ್ಟೆಯ ಏರಿಳಿತವನ್ನು ಅಳೆಯುವ ಇಂಡಿಯಾ ವಿಕ್ಸ್ 12 ಇದೆ ಎಂದಿಟ್ಟುಕೊಂಡಿದ್ದೇನೆ. ಅದು ವರ್ಷಕ್ಕೆ ಶೇಕಡಾ 12ರ ಅಂದಾಜು. ನಾಲ್ಕು ದಿನಕ್ಕೆ ಇಳಿಸಿದರೆ ಸುಮಾರು ಶೇಕಡಾ ಒಂದೂವರೆ, ಅಂದರೆ 380 ಪಾಯಿಂಟ್. ಇಂಥ ಮೂರು ವಾರಗಳಲ್ಲಿ ಎರಡರಲ್ಲಿ ನಿಫ್ಟಿ ಮೇಲಕ್ಕಾಗಲಿ ಕೆಳಕ್ಕಾಗಲಿ ಈ 380ರೊಳಗೇ ಮುಗಿಯುತ್ತದೆ ಎಂಬುದು ಆ ಅಂಕಿಯ ಅರ್ಥ. 700 ಪಾಯಿಂಟ್ ಮೇಲಕ್ಕೆ ಹೋಗುವುದು ನೂರು ವಾರಗಳಲ್ಲಿ ಸುಮಾರು ಮೂರು ಸಲ. ಹೋದಾಗಲೂ 25,700ನ್ನು ದಾಟುವುದು ಸರಾಸರಿ 150 ಪಾಯಿಂಟ್. ಮೂರು ಸಲಕ್ಕೆ 450. ನೂರು ವಾರಕ್ಕೆ ಐದೈದರಂತೆ ನೀವು ಕೊಟ್ಟದ್ದು 500.

ಈ ಲೆಕ್ಕದ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಐದು ರೂಪಾಯಿ ಎಂಬುದು ಯಾರೋ ಮರೆತು ಕಡಿಮೆ ಬರೆದ ಬೆಲೆಯಲ್ಲ. ನೂರರಲ್ಲಿ ತೊಂಬತ್ತೇಳು ಸಲ ಸೊನ್ನೆಯಾಗುವ ವಸ್ತುವಿಗೆ ಅದೇ ಬೆಲೆ, ಬಹುಶಃ ಒಂದಿಷ್ಟು ಹೆಚ್ಚೇ. ಹೆಚ್ಚು ಏಕೆಂದರೆ, ಸಣ್ಣ ಹಣಕ್ಕೆ ದೊಡ್ಡ ಗೆಲುವಿನ ಆಸೆ ತೋರಿಸುವ ಚೀಟಿಗೆ ಕೊಳ್ಳುವವರು ಯಾವಾಗಲೂ ಇರುತ್ತಾರೆ. ಮಾರುವವರಿಗೋ ಎಂದಾದರೊಂದು ದಿನ ಐದು ರೂಪಾಯಿಗೆ ಮಾರಿದ್ದು ಮುನ್ನೂರಾಗುವ ಭಯವಿರುತ್ತದೆ, ಆ ಭಯಕ್ಕೆ ಅವರು ಕೂಲಿ ಕೇಳುತ್ತಾರೆ. ಹೀಗಾಗಿ ಆಪ್ಷನ್ ಬೆಲೆಯೊಳಗೆ ಅಡಗಿರುವ ಏರಿಳಿತದ ಅಂದಾಜು, ಆಮೇಲೆ ನಿಜವಾಗಿ ನಡೆದ ಏರಿಳಿತಕ್ಕಿಂತ ಹೆಚ್ಚಿನ ಸಲ ತುಸು ಮೇಲೆಯೇ ಇರುತ್ತದೆ. ಸೂಚ್ಯಂಕಗಳ ದೂರದ ಪುಟ್‌ಗಳಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ.

ಇದರ ಮೇಲೆ ಖರ್ಚು. ಒಂದು ಆರ್ಡರಿಗೆ 20 ರೂಪಾಯಿ ದಲ್ಲಾಳಿ, ಅದಕ್ಕೆ ಜಿಎಸ್‌ಟಿ ಸೇರಿ 23 ರೂಪಾಯಿ 60 ಪೈಸೆ ಎಂದುಕೊಳ್ಳೋಣ. 11,250ರ ಖರೀದಿಗೆ ಇದು ಲೆಕ್ಕಕ್ಕೇ ಬರುವುದಿಲ್ಲ. ಒಂದೇ ಲಾಟಿನ 375 ರೂಪಾಯಿಗೆ ಮಾತ್ರ ಇದು ಶೇಕಡಾ ಆರಕ್ಕೂ ಹೆಚ್ಚು. ಗುರುವಾರ ಆರೂವರೆಗೆ ಒಂದು ಲಾಟ್ ಮಾರಿ ಹೊರಬಂದಿದ್ದರೆ 112 ರೂಪಾಯಿ ಲಾಭ ಕಾಣುತ್ತಿತ್ತು, ಕೊಂಡ ಮಾರಿದ ಎರಡೂ ಕಡೆಯ ದಲ್ಲಾಳಿ ಕಳೆದರೆ ಉಳಿಯುವುದು 65.

ಕೊಳ್ಳುವವರು ಇಷ್ಟಾದರೂ ಬಿಡದಿರುವುದಕ್ಕೆ ಕಾರಣ ಇನ್ನೊಂದು ಚಿತ್ರ. ನಿಫ್ಟಿ ಮಂಗಳವಾರ 26,000 ಮುಟ್ಟಿಬಿಟ್ಟರೆ? ಮೂವತ್ತು ಲಾಟ್ 6,75,000 ರೂಪಾಯಿಯಾಗುತ್ತದೆ. ಹತ್ತಿರದ ಒಂದು ಲಾಟ್ 75,000 ಅಷ್ಟೇ. ಈ ಚಿತ್ರ ಸುಳ್ಳಲ್ಲ. ಆದರೆ ಅದೇ ಅಳತೆಯಲ್ಲಿ ನಾಲ್ಕು ದಿನಕ್ಕೆ ಸಾವಿರ ಪಾಯಿಂಟ್ ಏರುವುದು 250 ವಾರಕ್ಕೊಮ್ಮೆ. ವಾರ ವಾರ ಕೊಂಡರೆ ಹೆಚ್ಚುಕಡಿಮೆ ಐದು ವರ್ಷಕ್ಕೊಂದು ಸಲ, ಅಷ್ಟರಲ್ಲಿ ವಾರಕ್ಕೆ 11,250ರಂತೆ ಕೈಬಿಟ್ಟ ಹಣ 28 ಲಕ್ಷ ದಾಟಿರುತ್ತದೆ. ನೂರರಲ್ಲಿ ಮೂರು ಎಂಬ ಅವಕಾಶವನ್ನೇ ತೆಗೆದುಕೊಂಡರೂ, ವರ್ಷದ 52 ವಾರಗಳಲ್ಲಿ ಒಂದು ಸಲವೂ ಗೆಲ್ಲದವರು ಐವರಲ್ಲಿ ಒಬ್ಬರು ಇರುತ್ತಾರೆ. ಅವರು ಏನನ್ನೂ ತಪ್ಪಾಗಿ ಮಾಡಿರುವುದಿಲ್ಲ, ಲೆಕ್ಕವೇ ಹಾಗಿದೆ.

ನಿಜವಾದ ಮಾರುಕಟ್ಟೆ ಈ ಸೂತ್ರಕ್ಕಿಂತ ಹೆಚ್ಚು ಸಲ ಭಾರೀ ಜಿಗಿತಗಳನ್ನು ಕಾಣುತ್ತದೆ ಎಂಬ ಮಾತಿದೆ, ಅದು ನಿಜ. 2024ರ ಜೂನ್ 4ರಂದು, ಲೋಕಸಭಾ ಚುನಾವಣೆಯ ಎಣಿಕೆಯ ದಿನ, ನಿಫ್ಟಿ ಹಿಂದಿನ ದಿನದ 23,263.90ರಿಂದ 21,884.50ಕ್ಕೆ ಬಿತ್ತು. ಒಂದೇ ದಿನ ಸುಮಾರು ಶೇಕಡಾ 6. ದೂರದ ಪುಟ್ ಕೊಂಡವರು ಕಾಯುವುದೇ ಇಂಥ ದಿನಕ್ಕೆ. ಹಿಂದಿನ ದಿನ 22,500ರ ಪುಟ್ ಕೊಂಡವರನ್ನು ನೆನೆಸಿಕೊಳ್ಳಿ. ಅದು ಆಗ 760 ಪಾಯಿಂಟ್ ದೂರದ ಸ್ಟ್ರೈಕ್. ಜೂನ್ 4ರ ಸಂಜೆ ಆ ಪುಟ್ 600 ಪಾಯಿಂಟಿಗೂ ಹೆಚ್ಚು ಒಳಗೆ ಬಂದಿತ್ತು.

ಆ ವಾರದ ಎಕ್ಸ್‌ಪೈರಿ ಜೂನ್ 6, ಗುರುವಾರ. ಜೂನ್ 5ರಂದು ನಿಫ್ಟಿ ಪುಟಿದು 22,620.35ಕ್ಕೆ ಬಂತು, 6ರಂದು 22,821.40. ನಾಲ್ಕನೇ ತಾರೀಕು ಮಾರದೆ ಇನ್ನೂ ಬೀಳಲಿ ಎಂದು ಕಾದವರ 22,500ರ ಪುಟ್ ಗುರುವಾರ ಸಂಜೆ ಸೊನ್ನೆಯಾಯಿತು. ವರ್ಷಗಳಿಗೊಮ್ಮೆ ಬರುವ ಕುಸಿತ ಬಂದೂ ಎಕ್ಸ್‌ಪೈರಿಯವರೆಗೆ ಹಿಡಿದವರಿಗೆ ಏನೂ ದಕ್ಕಲಿಲ್ಲ. ಸರ್ಕಾರಕ್ಕೆ ಭಾರೀ ಬಹುಮತ ಬರುತ್ತದೆ, ಮಾರುಕಟ್ಟೆ ಇನ್ನೂ ಏರುತ್ತದೆ ಎಂದು ಹಿಂದಿನ ದಿನ ದೂರದ ಕಾಲ್ ಕೊಂಡವರದೂ ಅದೇ ಕಥೆ.

ಇಂಥ ದಿನಗಳ ಮುನ್ನಾದಿನ ಅಗ್ಗದ ಆಪ್ಷನ್ ಅಗ್ಗವಾಗಿಯೂ ಇರುವುದಿಲ್ಲ ಎಂಬುದನ್ನೂ ಹೇಳಬೇಕು. ಎಣಿಕೆಯ ಹಿಂದಿನ ದಿನ ಇಂಡಿಯಾ ವಿಕ್ಸ್ 20ರ ಮೇಲಿತ್ತು. ಚುನಾವಣೆ, ಬಜೆಟ್ ಮುಂತಾದವು ಯಾವ ದಿನವೆಂದು ಎಲ್ಲರಿಗೂ ಮೊದಲೇ ಗೊತ್ತು, ಆದ್ದರಿಂದ ಭಯ ಮೊದಲೇ ಬೆಲೆಯೊಳಗೆ ಸೇರಿರುತ್ತದೆ. ಸುದ್ದಿ ಹೊರಬಿದ್ದ ಕೂಡಲೇ ಆ ಭಯ ಇಳಿದರೆ, ನಿಮ್ಮ ದಿಕ್ಕಿಗೇ ಸೂಚ್ಯಂಕ ಚಲಿಸಿದರೂ ಆಪ್ಷನ್ ಬೆಲೆ ಕುಸಿಯುತ್ತದೆ.

ಶೇಕಡಾ 90 ಆಪ್ಷನ್‌ಗಳು ಸೊನ್ನೆಯಾಗುತ್ತವೆ ಎಂಬ ಮಾತು ಎಲ್ಲೆಡೆ ಓಡಾಡುತ್ತದೆ. ಅದನ್ನು ನಾನು ಒಪ್ಪುವುದಿಲ್ಲ. ಎಕ್ಸ್‌ಪೈರಿಗೂ ಮೊದಲೇ ಮಾರಿ ಹೊರಬೀಳುವವರು ಬಹಳ, ಹತ್ತಿರದ ಸ್ಟ್ರೈಕುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಏನಾದರೂ ಬೆಲೆಯೊಂದಿಗೇ ಮುಗಿಯುತ್ತವೆ. ಸೊನ್ನೆಯ ಮಾತು ಸಲ್ಲುವುದು ದೂರದವುಗಳಿಗೆ. ಆದರೆ ಒಟ್ಟು ಲೆಕ್ಕದ ಬಗ್ಗೆ ಅನುಮಾನವಿಲ್ಲ. 2021-22ರಿಂದ 2023-24ರವರೆಗಿನ ಮೂರು ವರ್ಷಗಳನ್ನು ಪರಿಶೀಲಿಸಿದ ಸೆಬಿ, ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ ವ್ಯವಹರಿಸಿದ ಒಂದು ಕೋಟಿಗೂ ಹೆಚ್ಚು ವ್ಯಕ್ತಿಗಳಲ್ಲಿ ಶೇಕಡಾ 93 ಮಂದಿ ನಷ್ಟ ಕಂಡರು, ತಲಾ ಸರಾಸರಿ ನಷ್ಟ ಖರ್ಚು ಸೇರಿ ಸುಮಾರು 2 ಲಕ್ಷ ರೂಪಾಯಿ ಎಂದು 2024ರ ಸೆಪ್ಟೆಂಬರಿನಲ್ಲಿ ಹೇಳಿತು. ಅದರಲ್ಲಿ ದೂರದ ಸ್ಟ್ರೈಕುಗಳ ಪಾಲೆಷ್ಟು ಎಂದು ಆ ಅಂಕಿ ಬಿಡಿಸಿ ಹೇಳುವುದಿಲ್ಲ, ನಿಜ. ಆದರೆ ಸಂಬಳದ ಮೊದಲ ವಾರದಲ್ಲಿ ನೂರಿನ್ನೂರು ರೂಪಾಯಿಯ ಲಾಟ್ ಕೊಂಡು ಈ ವ್ಯಾಪಾರಕ್ಕೆ ಕಾಲಿಟ್ಟ ಹುಡುಗರನ್ನು ಕಂಡವರಿಗೆ ಈ ಬಾಗಿಲು ಎಷ್ಟು ಸುಲಭವಾಗಿ ತೆರೆದಿದೆ ಎಂಬುದು ಗೊತ್ತಿರುತ್ತದೆ.

ದೂರದ ಆಪ್ಷನ್‌ಗೂ ಒಂದು ಸರಿಯಾದ ಉಪಯೋಗವಿದೆ. ಲಕ್ಷಾಂತರ ರೂಪಾಯಿಯ ಷೇರು ಇಟ್ಟುಕೊಂಡವರು ದೊಡ್ಡ ಕುಸಿತಕ್ಕೆ ವಿಮೆಯಾಗಿ ದೂರದ ಪುಟ್ ಕೊಳ್ಳಬಹುದು. ಅದು ಸೊನ್ನೆಯಾದರೆ ಅವರಿಗೆ ಬೇಸರವಿಲ್ಲ, ಅವರ ಷೇರುಗಳು ಕ್ಷೇಮವಾಗಿವೆ ಎಂದರ್ಥ. ಕಾಯಬೇಕಾದ್ದು ಏನೂ ಇಲ್ಲದೆ ವಿಮೆ ಕಂತು ಕಟ್ಟುವವರ ಸ್ಥಿತಿ ಬೇರೆ.

ಕೊಳ್ಳಲೇಬೇಕೆನಿಸಿದರೆ ಮೊದಲು ಒಂದು ಕೂಡಿಕೆ ಮಾಡಿ, ಅದಕ್ಕೆ ಯಾವ ಸೂತ್ರವೂ ಬೇಡ. ಇಂದಿನ ನಿಫ್ಟಿಗೆ ತೀರಾ ಹತ್ತಿರದ ಸ್ಟ್ರೈಕಿನ ಕಾಲ್ ಬೆಲೆಗೆ ಅದೇ ಸ್ಟ್ರೈಕಿನ ಪುಟ್ ಬೆಲೆಯನ್ನು ಕೂಡಿಸಿ. ನಮ್ಮ ಉದಾಹರಣೆಯಲ್ಲಿ 150ಕ್ಕೆ 150 ಸೇರಿ 300. ಎಕ್ಸ್‌ಪೈರಿಯ ಹೊತ್ತಿಗೆ ನಿಫ್ಟಿ ಸರಾಸರಿ ಎಷ್ಟು ದೂರ ಸರಿದೀತು ಎಂದು ಮಾರುಕಟ್ಟೆ ನಂಬಿದೆಯೋ ಅದೇ ಈ 300. ಈಗ ನಿಮ್ಮ ಕಣ್ಣಿಗೆ ಬಿದ್ದ ಸ್ಟ್ರೈಕ್ ಎಷ್ಟು ದೂರದಲ್ಲಿದೆ ನೋಡಿ. 25,700 ಆದರೆ 700, ಎರಡು ಪಟ್ಟಿಗೂ ಮೀರಿದ ದೂರ. ಇಡೀ ಮಾರುಕಟ್ಟೆ ನಿರೀಕ್ಷಿಸುವುದರ ಎರಡು ಪಟ್ಟು ಸರಿಯುತ್ತದೆ, ಅದೂ ಮಂಗಳವಾರದೊಳಗೆ ಎಂದು ಹೇಳಲು ನಿಮ್ಮ ಬಳಿ ಕಾರಣವಿದೆಯೇ? ಆ ಕಾರಣವನ್ನು ಒಂದು ಕಾಗದದ ಮೇಲೆ ಬರೆಯಲು ಆಗದಿದ್ದರೆ ದಯವಿಟ್ಟು ಆ ಆರ್ಡರ್ ಹಾಕಬೇಡಿ.