ಎಲೆಗೆ ಗಾಯ, ಬೇರಿಗೆ ಕೆಲಸ

ಅಮೆರಿಕದ ಯೂಟಾ ರಾಜ್ಯದ ಒಣನೆಲದಲ್ಲಿ ಕಾಡುಹೊಗೆಸೊಪ್ಪಿನ ಒಂದು ಜಾತಿ ಬೆಳೆಯುತ್ತದೆ. ನಿಕೋಷಿಯಾನಾ ಅಟೆನ್ಯುಯೇಟಾ ಎಂಬುದು ಅದರ ಶಾಸ್ತ್ರೀಯ ಹೆಸರು. ಇದರ ಬೀಜ ವರ್ಷಗಟ್ಟಲೆ ಮಣ್ಣಿನಲ್ಲಿ ಸುಮ್ಮನೆ ಬಿದ್ದಿರುತ್ತದೆ. ಕಾಡ್ಗಿಚ್ಚು ಹಾದುಹೋಗಿ, ಹೊಗೆಯಲ್ಲಿದ್ದ ಕೆಲವು ರಾಸಾಯನಿಕಗಳು ನೆಲಕ್ಕಿಳಿದಾಗ ಬೀಜಗಳೆಲ್ಲ ಹೆಚ್ಚುಕಡಿಮೆ ಒಟ್ಟಿಗೆ ಮೊಳೆಯುತ್ತವೆ. ಸುಟ್ಟ ನೆಲದಲ್ಲಿ ಸಾರಜನಕ ಸಾಕಷ್ಟಿರುತ್ತದೆ. ಆದರೆ ಅದನ್ನು ಹೀರಲು ಅಕ್ಕಪಕ್ಕದಲ್ಲಿ ಅದೇ ವಯಸ್ಸಿನ ಗಿಡಗಳು ಪೈಪೋಟಿಗೆ ನಿಂತಿರುತ್ತವೆ. ಮಿಡತೆ, ಕಂಬಳಿಹುಳು, ಎಲೆ ಕೊರೆಯುವ ಜೀರುಂಡೆಗಳೂ ಬಂದೇ ಬರುತ್ತವೆ. ಯಾವ ಹುಳು, ಎಷ್ಟು, ಯಾವಾಗ ಎಂಬುದು ಮಾತ್ರ ಮೊದಲೇ ಗೊತ್ತಾಗುವಂತಿಲ್ಲ.

ಬೆಳವಣಿಗೆ ಮತ್ತು ರಕ್ಷಣೆಗಳ ನಡುವಿನ ಹಗ್ಗಜಗ್ಗಾಟದ ಬಗ್ಗೆ ಸಸ್ಯವಿಜ್ಞಾನದಲ್ಲಿ ದೊಡ್ಡ ಚರ್ಚೆಯೇ ಇದೆ. ಡೇನಿಯಲ್ ಹರ್ಮ್ಸ್ ಮತ್ತು ವಿಲಿಯಂ ಮ್ಯಾಟ್ಸನ್ 1992ರಲ್ಲಿ ಬರೆದ ಸಮೀಕ್ಷೆ ಅದಕ್ಕೆ ಒಂದು ಚೌಕಟ್ಟು ಕೊಟ್ಟಿತು. ಗಿಡದ ಬಳಿ ಇರುವ ಇಂಗಾಲ, ಸಾರಜನಕಗಳಿಗೆ ಮಿತಿಯಿದೆ. ವಿಷ ತಯಾರಿಕೆಗೆ ಹೋದದ್ದು ಹೊಸ ಎಲೆಗೆ, ಬೀಜಕ್ಕೆ ಸಿಗದು ಎಂಬುದು ಅದರ ತಿರುಳು. ಕೇಳಲು ಇದು ಸರಳ. ಸರಳವಾಗಿರುವುದರಿಂದಲೇ ಇದನ್ನು ಪರೀಕ್ಷೆಗೆ ಒಡ್ಡದೆ ಒಪ್ಪಿಬಿಡುವ ಅಪಾಯವೂ ಇದೆ. ಈ ಮಾತು ಎಷ್ಟು ನಿಜ ಎಂದು ತಿಳಿಯಬೇಕಾದರೆ ಮೊದಲು ಗಿಡ ವಿಷವನ್ನು ಹೇಗೆ ತಯಾರಿಸುತ್ತದೆ ಎಂಬುದನ್ನು ನಿಧಾನವಾಗಿ ನೋಡಬೇಕು.

ಹೊಗೆಸೊಪ್ಪಿನ ವಿಷ ನಿಕೋಟಿನ್. ಪ್ರಾಣಿಗಳ ನರಕೋಶಗಳು ಒಂದಕ್ಕೊಂದು ಸಂದೇಶ ದಾಟಿಸುವ ಜಾಗವನ್ನೇ ಅದು ಕೆಡಿಸುತ್ತದೆ. ಗಿಡಕ್ಕೆ ನರಗಳಿಲ್ಲದ ಕಾರಣ ತನ್ನ ವಿಷ ತನಗೆ ಆ ಬಗೆಯಲ್ಲಿ ತಾಗದು. ನಿಕೋಟಿನ್ ತುಂಬಿರುವುದು ಎಲೆಯಲ್ಲಿ, ಆದರೆ ತಯಾರಾಗುವುದು ಬೇರಿನಲ್ಲಿ. 1940ರ ದಶಕದಲ್ಲಿ ಡಾಸನ್ ಎಂಬ ಸಂಶೋಧಕರು ಇದನ್ನು ಕಸಿ ಕಟ್ಟಿ ತೋರಿಸಿದರು. ಟೊಮೆಟೊ ಬೇರಿನ ಮೇಲೆ ಹೊಗೆಸೊಪ್ಪಿನ ಕುಡಿ ಕಟ್ಟಿದಾಗ ಎಲೆಯಲ್ಲಿ ನಿಕೋಟಿನ್ ಇಲ್ಲವೆನ್ನುವಷ್ಟು ಕಡಿಮೆಯಾಯಿತು. ಹೊಗೆಸೊಪ್ಪಿನ ಬೇರಿನ ಮೇಲೆ ಟೊಮೆಟೊ ಕುಡಿ ಕಟ್ಟಿದಾಗ ಟೊಮೆಟೊ ಎಲೆಯಲ್ಲಿ ನಿಕೋಟಿನ್ ಶೇಖರವಾಯಿತು. ಒಂದು ಚಾಕು, ಒಂದಿಷ್ಟು ಕಟ್ಟುದಾರ ಇದ್ದರೆ ಮಾಡಬಹುದಾದ ಪ್ರಯೋಗವಿದು. ಇದಕ್ಕಿಂತ ನೇರವಾದ ಉತ್ತರವನ್ನು ಊಹಿಸುವುದು ಕಷ್ಟ.

ಹಾಗಾದರೆ ಮೇಲೆ ಎಲೆಯನ್ನು ಹುಳು ಕಚ್ಚಿದ್ದು ಕೆಳಗೆ ಬೇರಿಗೆ ಗೊತ್ತಾಗುವುದು ಹೇಗೆ? ಎಲೆಯ ಕೋಶ ಒಡೆದಾಗ ಅದರ ಪೊರೆಗಳಲ್ಲಿರುವ ಕೊಬ್ಬಿನಾಮ್ಲವೊಂದನ್ನು ಹಂತಹಂತವಾಗಿ ಮಾರ್ಪಡಿಸಿ ಗಿಡ ಜಾಸ್ಮೊನಿಕ್ ಆಮ್ಲವನ್ನು ತಯಾರಿಸುತ್ತದೆ. ಮಲ್ಲಿಗೆ ಎಣ್ಣೆಯ ಪರಿಮಳದಲ್ಲಿರುವ ಒಂದು ವಸ್ತುವಿನ ನೆಂಟ ಇದು. ಗಿಡದ ಒಳಗೆ ಇದರ ಕೆಲಸ ಹಾರ್ಮೋನಿನದು. ಕಾಡುಹೊಗೆಸೊಪ್ಪಿನ ಹತ್ತಿರದ ಸಂಬಂಧಿ ಜಾತಿಯೊಂದರಲ್ಲಿ ಅಳೆದು ನೋಡಿದಾಗ, ಗಾಯವಾದ ಒಂದೂವರೆ ಗಂಟೆಯೊಳಗೆ ಎಲೆಯಲ್ಲಿ ಈ ಆಮ್ಲ ಹಲವು ಪಟ್ಟು ಏರಿತ್ತು. ಸುಮಾರು ಮೂರು ಗಂಟೆಗೆ ಬೇರಿನಲ್ಲೂ ಏರಿತ್ತು. ಆಗ ಬೇರು ನಿಕೋಟಿನ್ ತಯಾರಿಕೆಯನ್ನು ಹೆಚ್ಚಿಸುತ್ತದೆ. ತಯಾರಾದದ್ದು ನೀರು ಏರುವ ನಾಳಗಳಲ್ಲೇ ಮೇಲೇರಿ ಎಲೆಕೋಶದೊಳಗಿನ ರಸಕುಹರಗಳಲ್ಲಿ ಸಂಗ್ರಹವಾಗುತ್ತದೆ. ಪ್ರಮಾಣ ತುತ್ತತುದಿ ಮುಟ್ಟಲು ಐದು ದಿನ ಬೇಕಾಗುತ್ತದೆ.

ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೆಳೆಯುವ ರೈತರು ಹೂ ಬರುವ ಹೊತ್ತಿಗೆ ಗಿಡದ ಕುಡಿ ಚಿವುಟುತ್ತಾರೆ. ಚಿವುಟಿದ ಮೇಲೆ ಎಲೆ ದಪ್ಪವಾಗುತ್ತದೆ, ಅದರಲ್ಲಿ ನಿಕೋಟಿನ್ ಏರುತ್ತದೆ. ಆ ಏರಿಕೆಗೆ ಈ ಗಾಯದ ಸಂದೇಶವೂ ಒಂದು ಕಾರಣ.

ಈಗ ಖರ್ಚಿನ ಲೆಕ್ಕ. ನಿಕೋಟಿನ್‌ನ ಪ್ರತಿ ಅಣುವಿನಲ್ಲಿ 2 ಸಾರಜನಕ ಪರಮಾಣುಗಳಿವೆ. ಹುಳುಬಾಧೆಗೆ ಸಿಕ್ಕ ಕಾಡುಹೊಗೆಸೊಪ್ಪು ತನ್ನ ಒಟ್ಟು ಸಾರಜನಕದ ನೂರರಲ್ಲಿ ಐದಾರು ಪಾಲಿಗೂ ಹೆಚ್ಚನ್ನು ಈ ಒಂದೇ ವಸ್ತುವಿನಲ್ಲಿ ಕೂಡಿಡಬಲ್ಲದು. ಎಲೆಯ ಪ್ರೋಟೀನನ್ನಾದರೆ ಒಡೆದು ಬೀಜಕ್ಕೆ ಸಾಗಿಸಬಹುದು. ನಿಕೋಟಿನ್‌ಗೆ ಹೋದ ಸಾರಜನಕವನ್ನು ಹಾಗೆ ಹಿಂದಕ್ಕೆ ಪಡೆಯಲು ಈ ಗಿಡಕ್ಕೆ ಬಹುಮಟ್ಟಿಗೆ ಆಗುವುದಿಲ್ಲ. ಹರ್ಮ್ಸ್ ಮತ್ತು ಮ್ಯಾಟ್ಸನ್ ಹೇಳಿದ ಮಾತಿಗೆ ಇಷ್ಟು ಚೊಕ್ಕವಾಗಿ ಹೊಂದುವ ಉದಾಹರಣೆ ಕಡಿಮೆ.

ಆದರೆ ಅಣುವಿನ ಲೆಕ್ಕ ಬೇರೆ, ಬೀಜದ ಲೆಕ್ಕ ಬೇರೆ. ಗಿಡ ನಿಜವಾಗಿ ಏನನ್ನು ಕಳೆದುಕೊಂಡಿತು ಎಂಬುದು ಕೊನೆಗೆ ಎಷ್ಟು ಬೀಜ ಕಟ್ಟಿತು ಎಂಬುದರಲ್ಲಿ ಕಾಣಬೇಕು. ಇಯಾನ್ ಬಾಲ್ಡ್ವಿನ್ 1998ರಲ್ಲಿ ಪ್ರಕಟಿಸಿದ ಪ್ರಯೋಗದ ಸೊಗಸು ಇಲ್ಲಿದೆ. ಅವರು ಪ್ರಯೋಗಾಲಯದ ಕುಂಡಗಳನ್ನು ಬಿಟ್ಟು, ಗಿಡಗಳು ತಾವಾಗಿ ಬೆಳೆದಿದ್ದ ಬಯಲಿನಲ್ಲೇ ಕೆಲವಕ್ಕೆ ಜಾಸ್ಮೊನೇಟ್ ಕೊಟ್ಟರು. ಹುಳು ಕಚ್ಚದೆಯೇ ಕಚ್ಚಿತೆಂಬ ಸಂದೇಶ ಗಿಡಕ್ಕೆ ಹೋಯಿತು. ಪಕ್ಕದ ಗಿಡಗಳನ್ನು ಹಾಗೆಯೇ ಬಿಟ್ಟರು. ಹುಳುಗಳ ಕಾಟ ಕಡಿಮೆಯಿದ್ದ ಕಡೆ ಸಂದೇಶ ಪಡೆದ ಗಿಡಗಳು ಉಳಿದವುಗಳಿಗಿಂತ ಕಡಿಮೆ ಬೀಜ ಕಟ್ಟಿದವು. ಕಾಟ ಹೆಚ್ಚಿದ್ದ ಕಡೆ ಅವೇ ಹೆಚ್ಚು ಬೀಜ ಕಟ್ಟಿದವು. ಒಂದೇ ರಕ್ಷಣೆ ಒಂದು ಕಡೆ ನಷ್ಟ, ಇನ್ನೊಂದು ಕಡೆ ಲಾಭ. ವಿಷವನ್ನು ಸದಾ ತುಂಬಿಟ್ಟುಕೊಳ್ಳದೆ ಕಚ್ಚಿದ ಮೇಲೆ ತಯಾರಿಸುವ ಪದ್ಧತಿ ಏಕೆ ಉಳಿದುಬಂತು ಎಂಬುದಕ್ಕೆ ಇದು ಉತ್ತರ.

ಬಾಲ್ಡ್ವಿನ್ ಮತ್ತು ನಿಕೋಲ್ ವಾನ್ ಡಾಮ್ ಅದೇ ವರ್ಷ ಮತ್ತೊಂದು ಹೆಜ್ಜೆ ಮುಂದಿಟ್ಟರು. ಒಂದೇ ಕುಂಡದಲ್ಲಿ ಎರಡು ಗಿಡ ಬೆಳೆಸಿ ಒಂದನ್ನು ಮಾತ್ರ ಎಚ್ಚರಿಸಿದರು. ಎಚ್ಚರಗೊಂಡ ಗಿಡ ಹಿಂದುಳಿದಾಗ ಅದು ಬಿಟ್ಟ ಸಾರಜನಕವನ್ನು ಪಕ್ಕದ ಗಿಡ ಹೀರಿಕೊಂಡು ಇನ್ನಷ್ಟು ಬೆಳೆಯಿತು. ಒಂಟಿಯಾಗಿ ಬೆಳೆಸಿದ ಗಿಡದಲ್ಲಿ ಈ ನಷ್ಟ ಪೂರ್ತಿಯಾಗಿ ಕಾಣಿಸುವುದೇ ಇಲ್ಲ. ರಕ್ಷಣೆಗೆ ಖರ್ಚಿಲ್ಲ ಎಂದು ಹೇಳುವ ಪ್ರಯೋಗಗಳನ್ನು ಓದುವಾಗ ಗಿಡಕ್ಕೆ ನೆರೆಯವರಿದ್ದರೇ, ಗೊಬ್ಬರ ಎಷ್ಟಿತ್ತು, ಅಳೆದದ್ದು ಎಲೆಯನ್ನೇ ಬೀಜವನ್ನೇ ಎಂದು ಮೊದಲು ನೋಡಬೇಕಾದದ್ದು ಇದರಿಂದಲೇ.

ಹಾಗೆಂದು ಗಿಡಕ್ಕೆ ನಿಕೋಟಿನ್ ಬೇಕೇ ಬೇಕು. ನಿಕೋಟಿನ್ ತಯಾರಿಕೆಯ ವಂಶವಾಹಿಯನ್ನು ಮೌನಗೊಳಿಸಿದ ಗಿಡಗಳನ್ನು ಯೂಟಾದ ಬಯಲಿನಲ್ಲಿ ನೆಟ್ಟಾಗ ಅವು ಸಾಮಾನ್ಯ ಗಿಡಗಳಿಗಿಂತ ಸುಮಾರು ಮೂರು ಪಟ್ಟು ಎಲೆಯನ್ನು ಹುಳುಗಳಿಗೆ ಕಳೆದುಕೊಂಡವು. 2004ರಲ್ಲಿ ಪ್ರಕಟವಾದ ಫಲಿತಾಂಶವಿದು. ಅದೇ ವರ್ಷದ ಇನ್ನೊಂದು ಪ್ರಯೋಗದಲ್ಲಿ ಜಾಸ್ಮೊನಿಕ್ ಆಮ್ಲದ ಹಾದಿಯನ್ನೇ ಕಟ್ಟಿಹಾಕಿದರು. ಆಗ ಎಂದಿನ ಹುಳುಗಳ ಜೊತೆಗೆ, ಆ ಗಿಡವನ್ನು ಸಾಧಾರಣವಾಗಿ ಮುಟ್ಟದ ಜಿಗಿಹುಳುವೂ ಬಂದು ರಸ ಹೀರಿತು.

ಈ ಕೌಶಲದ ಸೂಕ್ಷ್ಮ ಇನ್ನೂ ಚೆನ್ನಾಗಿ ಕಾಣುವುದು ಮಂಡೂಕಾ ಸೆಕ್ಸ್ಟಾ ಎಂಬ ಪತಂಗದ ಹುಳು ಬಂದಾಗ. ಬೆರಳಿನಷ್ಟು ದಪ್ಪಕ್ಕೆ ಬೆಳೆಯುವ ಈ ಹಸಿರು ಹುಳು ಬೇರೆ ಹುಳುಗಳು ತಡೆಯಲಾರದಷ್ಟು ನಿಕೋಟಿನ್ ತಿಂದು ಬದುಕಬಲ್ಲದು. ಅಂಥ ಹುಳುವಿನ ಮುಂದೆ ಸಾರಜನಕ ಸುರಿದು ಉಪಯೋಗವೇನು? ಹುಳುವಿನ ಬಾಯಿಂದ ಬರುವ ರಸದಲ್ಲಿ, ಕೊಬ್ಬಿನಾಮ್ಲವೂ ಅಮೈನೋ ಆಮ್ಲವೂ ಬೆಸೆದ ವಸ್ತುಗಳಿವೆ. ಗಾಯಕ್ಕೆ ಅವು ತಾಗಿದೊಡನೆ ಜಾಸ್ಮೊನಿಕ್ ಆಮ್ಲ ಬರಿಯ ಗಾಯಕ್ಕಿಂತ ಹೆಚ್ಚು ಏರುತ್ತದೆ. ಜೊತೆಗೆ ಎಥಿಲೀನ್ ಎಂಬ ಅನಿಲವೂ ಹೊಮ್ಮಿ ನಿಕೋಟಿನ್‌ನ ಏರಿಕೆಯನ್ನು ತಗ್ಗಿಸುತ್ತದೆ. ಅದರ ಬದಲು ಎಲೆಗಳಿಂದ ಗಾಳಿಗೆ ಒಂದು ಬಗೆಯ ವಾಸನೆ ಹರಡುತ್ತದೆ. ಅದನ್ನು ಹಿಡಿದು ಜಿಯೋಕೊರಿಸ್ ಎಂಬ ದೊಡ್ಡ ಕಣ್ಣಿನ ತಿಗಣೆಜಾತಿಯ ಕೀಟ ಬಂದು ಪತಂಗದ ಮೊಟ್ಟೆಗಳನ್ನೂ ಎಳೆಯ ಹುಳುಗಳನ್ನೂ ಹೀರಿ ಮುಗಿಸುತ್ತದೆ. ಆಂಡ್ರೆ ಕೆಸ್ಲರ್ ಮತ್ತು ಬಾಲ್ಡ್ವಿನ್ 2001ರಲ್ಲಿ ತೋರಿಸಿದಂತೆ, ಈ ವಾಸನೆಯೊಂದರಿಂದಲೇ ಗಿಡದ ಮೇಲಿನ ಹುಳುಗಳ ಸಂಖ್ಯೆ ಶೇಕಡ 90ಕ್ಕೂ ಹೆಚ್ಚು ತಗ್ಗಬಲ್ಲದು. ತಯಾರಿಕೆಗೆ ತಗಲುವ ಖರ್ಚನ್ನು ಗಿಡ ತನ್ನ ಶತ್ರು ಯಾರೆಂದು ಗುರುತಿಸಿ ಮಾಡುತ್ತದೆ ಎಂಬುದಕ್ಕೆ ಇದು ಬಲವಾದ ಸಾಕ್ಷಿ. ಆದರೂ ಮಂಡೂಕಾ ಹುಳುವಿಗೆ ನಿಕೋಟಿನ್ ಏನೂ ಅಲ್ಲ ಎನ್ನುವುದು ಅತಿಯಾದೀತು. ನಿಕೋಟಿನ್ ಇಲ್ಲದ ಗಿಡದ ಮೇಲೆ ಅದೂ ಬೇಗ ಬೆಳೆಯಿತು.

ಇಷ್ಟರವರೆಗೆ ಸಾಕ್ಷ್ಯವೆಲ್ಲ ಹಳೆಯ ಮಾತಿನ ಕಡೆಗೇ ವಾಲಿದೆ. ಅದಕ್ಕೆ ಗಟ್ಟಿಯಾದ ಸವಾಲು ಬಂದದ್ದು ಅರಬಿಡಾಪ್ಸಿಸ್ ಎಂಬ ಪುಟ್ಟ ಸಾಸಿವೆಜಾತಿಯ ಗಿಡದಿಂದ. ಗಿಡದೊಳಗೆ ಜಾಜ್ ಎಂಬ ಪ್ರೋಟೀನುಗಳಿವೆ. ಹುಳು ಇಲ್ಲದಾಗ ರಕ್ಷಣೆಯ ವಂಶವಾಹಿಗಳನ್ನು ಅದುಮಿಡುವುದು ಅವುಗಳ ಕೆಲಸ. ಜಾಸ್ಮೊನೇಟ್ ಏರಿದಾಗ ಅವು ನಾಶವಾಗುತ್ತವೆ, ರಕ್ಷಣೆ ಶುರುವಾಗುತ್ತದೆ. ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಗ್ರೆಗ್ ಹೌ ಅವರ ತಂಡ ಇಂಥ 5 ಪ್ರೋಟೀನುಗಳ ವಂಶವಾಹಿಗಳನ್ನು ಕೆಡಿಸಿತು. ನಿರೀಕ್ಷಿಸಿದಂತೆ ಗಿಡ ಹುಳುಗಳಿಗೆ ಬಗ್ಗಲಿಲ್ಲ, ಆದರೆ ಕುಳ್ಳಾಯಿತು. ಆ ಮೇಲೆ ಅದೇ ಗಿಡದಲ್ಲಿ ಫೈಟೋಕ್ರೋಮ್ ಬಿ ಎಂಬ, ಬೆಳಕನ್ನು ಗ್ರಹಿಸುವ ಪ್ರೋಟೀನನ್ನೂ ತೆಗೆದರು. ಅದಿಲ್ಲದ ಗಿಡ ತಾನು ನೆರಳಿನಲ್ಲಿದ್ದೇನೆಂದು ತಿಳಿದು ಬೆಳೆಯಲು ಹೊರಡುತ್ತದೆ. 2016ರಲ್ಲಿ ಪ್ರಕಟವಾದ ಫಲಿತಾಂಶ ಹಲವರನ್ನು ಬೆರಗುಗೊಳಿಸಿತು. ಗಿಡ ಬೆಳೆಯಿತು, ಹುಳುಗಳನ್ನೂ ತಡೆಯಿತು.

ಕುಳ್ಳಾಗಲು ಕಾರಣ ಸಾಮಗ್ರಿಯ ಕೊರತೆಯಾಗಿದ್ದರೆ, ಬೆಳಕಿನ ಪ್ರೋಟೀನೊಂದನ್ನು ತೆಗೆದ ಮಾತ್ರಕ್ಕೆ ಸಾಮಗ್ರಿ ಎಲ್ಲಿಂದ ಬಂತು? ಆದ್ದರಿಂದ ಬೆಳವಣಿಗೆ ನಿಂತದ್ದು ಬಡತನದಿಂದಲ್ಲ, ಹಾರ್ಮೋನುಗಳು ಹಾಕಿದ ತಡೆಯಿಂದ ಎಂಬ ವಾದ ಬಲವಾಯಿತು. ಈ ವಾದದಲ್ಲಿ ಹುರುಳಿದೆ. ಹುಳುಬಾಧೆಯಲ್ಲಿ ಗಿಡ ಕುಗ್ಗಿದ್ದನ್ನು ಕಂಡೊಡನೆ ಅದನ್ನೇ ವಿಷದ ಬೆಲೆ ಎಂದು ಲೆಕ್ಕ ಹಿಡಿಯುವುದು ಇನ್ನು ಸಾಧ್ಯವಿಲ್ಲ. ಆದರೆ ಇದರಿಂದ ಬೆಲೆಯೇ ಇಲ್ಲವೆಂದು ತೀರ್ಮಾನಿಸಿದವರು ಅವಸರ ಮಾಡಿದರು ಎಂದೇ ನನ್ನ ಅನಿಸಿಕೆ. ಆ ಗಿಡಗಳು ಬೆಳೆದದ್ದು ನೀರು, ಬೆಳಕು, ಗೊಬ್ಬರಕ್ಕೆ ಕೊರತೆಯಿಲ್ಲದ ಪ್ರಯೋಗಾಲಯದ ಕೋಣೆಯಲ್ಲಿ, ವಾನ್ ಡಾಮ್ ಅವರ ಕುಂಡದಲ್ಲಿದ್ದಂಥ ಪೈಪೋಟಿ ಇಲ್ಲದೆ.

ಉತ್ತರದ ಒಂದು ಭಾಗ ಅದೇ ತಂಡದಿಂದಲೇ ಬಂತು. 2018ರಲ್ಲಿ ಅವರು 5ರ ಬದಲು 10 ಜಾಜ್ ವಂಶವಾಹಿಗಳನ್ನು ಕೆಡಿಸಿದ ಗಿಡವನ್ನು ವರದಿ ಮಾಡಿದರು. ಅದು ಹುಳು, ಶಿಲೀಂಧ್ರ ಎರಡನ್ನೂ ಚೆನ್ನಾಗಿ ತಡೆಯಿತು. ಆದರೆ ಅದರ ಎಲೆಗಳಲ್ಲಿ ಇಂಗಾಲದ ಹಸಿವಿನ ಗುರುತುಗಳು ಕಂಡವು, ಬೆಳವಣಿಗೆ ನಿಧಾನವಾಯಿತು, ಬೀಜದ ಇಳುವರಿ ಬಿತ್ತು. ಎರಡು ವರ್ಷದ ಬಳಿಕ ಆ ಗಿಡದಿಂದಲೂ ಫೈಟೋಕ್ರೋಮ್ ಬಿಯನ್ನು ತೆಗೆದು ನೋಡಿದರು. 5 ವಂಶವಾಹಿ ಕೆಟ್ಟ ಗಿಡವನ್ನು ಎತ್ತರಕ್ಕೆ ಬೆಳೆಸಿದ್ದ ಉಪಾಯ ಇಲ್ಲಿ ಗಿಡದ ಬೆಳವಣಿಗೆಯನ್ನು ಮರಳಿ ತರಲಿಲ್ಲ. ರಕ್ಷಣೆ ಮಿತವಾಗಿದ್ದಾಗ ಗಿಡವನ್ನು ಹಿಡಿದಿಟ್ಟದ್ದು ಹಾರ್ಮೋನಿನ ತಡೆ. ರಕ್ಷಣೆ ಮಿತಿಮೀರಿದಾಗ ಆ ತಡೆಯೊಂದನ್ನು ತೆಗೆದರೆ ಸಾಲಲಿಲ್ಲ, ಇಂಗಾಲದ ಕೊರತೆ ಅಲ್ಲಿ ಎದುರಿಗೇ ಇತ್ತು. ಇವೆರಡರ ನಡುವಿನ ಗೆರೆ ಯೂಟಾದ ಬಯಲಿನಂಥ ಕಡೆ, ಸಾರಜನಕಕ್ಕೆ ನೆರೆಗಿಡಗಳು ಪೈಪೋಟಿ ನಡೆಸುವಲ್ಲಿ, ಇನ್ನೂ ಕೆಳಗೆ ಬೀಳುತ್ತದೆ ಎಂದು ನಿರೀಕ್ಷಿಸಲು ಕಾರಣವಿದೆ. ಅದನ್ನು ಅಳೆಯಲು ಎಲೆಯ ಅಗಲ ಸಾಲದು. ಗಿಡ ಒಣಗುವವರೆಗೆ ಕಾದು ಕಾಯಿ ಬಿಡಿಸಿ ಬೀಜ ಎಣಿಸಬೇಕು.